ಒತ್ತಿ ಹಿಡಿದರೆ ಮಾತು: ಜಾತ್ರೆ, ಹೊಲ, ಕಟ್ಟಡಗಳಲ್ಲಿ ಫೋನ್ ವಾಕಿಟಾಕಿ

ಪುಶ್-ಟು-ಟಾಕ್ ಆ್ಯಪ್ ಎಂದರೆ ಫೋನನ್ನೇ ವಾಕಿಟಾಕಿ ಮಾಡಿಕೊಳ್ಳುವ ತಂತ್ರಾಂಶ. ಪರದೆಯ ಮೇಲಿನ ದೊಡ್ಡ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತು ಹೋಗುತ್ತದೆ, ಬೆರಳು ತೆಗೆದರೆ ನಿಲ್ಲುತ್ತದೆ. ಒಬ್ಬರು ಮಾತಾಡುವಾಗ ಉಳಿದವರಿಗೆ ಕೇಳುವುದಷ್ಟೇ ಕೆಲಸ. ವಾಟ್ಸಾಪಿನ ಧ್ವನಿ ಸಂದೇಶವನ್ನೂ ಹೀಗೆಯೇ ಒತ್ತಿ ಹಿಡಿದು ಕಳಿಸಬಹುದು, ಆದರೆ ಅದನ್ನು ಕೇಳಬೇಕಾದವರು ಫೋನ್ ಹೊರತೆಗೆದು, ಲಾಕ್ ಬಿಡಿಸಿ, ಗುಂಪು ಹುಡುಕಿ, ಒತ್ತಿ ಕೇಳಬೇಕು. ಪುಶ್-ಟು-ಟಾಕ್‌ನಲ್ಲಿ ಜೇಬಿನೊಳಗಿನ ಫೋನ್ ತಾನಾಗಿಯೇ ಮಾತಾಡುತ್ತದೆ. ಎರಡೂ ಕೈಯಲ್ಲಿ ಅನ್ನದ ಬಕೆಟ್ಟು ಹಿಡಿದವನಿಗೆ ಈ ವ್ಯತ್ಯಾಸ ದೊಡ್ಡದು.

ಈ ಬಗೆಯ ಆ್ಯಪ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಜೆಲ್ಲೊ. 2007ರಲ್ಲಿ ಲೌಡ್‌ಟಾಕ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ್ದು ಮುಂದೆ ಹೆಸರು ಬದಲಿಸಿಕೊಂಡಿತು. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತಕ್ಕೆ ಅಮೆರಿಕದ ಹ್ಯೂಸ್ಟನ್ ಮುಳುಗಿದಾಗ ದೋಣಿ ಹಿಡಿದು ಹೊರಟ ಸ್ವಯಂಸೇವಕರು ಇದರ ಮೂಲಕವೇ ಒಬ್ಬರಿಗೊಬ್ಬರು ದಾರಿ ಹೇಳಿಕೊಂಡರು. ಕೆಲವೇ ದಿನಗಳಲ್ಲಿ ಇರ್ಮಾ ಚಂಡಮಾರುತ ಬಂದಾಗ ಜನ ಲಕ್ಷಗಟ್ಟಲೆ ಇದನ್ನು ಇಳಿಸಿಕೊಂಡರು. ಆಗ ಒಂದು ತಪ್ಪು ನಂಬಿಕೆಯೂ ಜೊತೆಗೇ ಹರಡಿತು: ನೆಟ್‌ವರ್ಕ್ ಇಲ್ಲದಿದ್ದರೂ ಇದು ಕೆಲಸ ಮಾಡುತ್ತದಂತೆ ಎಂದು. ಹಾಗಿಲ್ಲ, ವೈಫೈ ಅಥವಾ ಮೊಬೈಲ್ ಡೇಟಾ ಬೇಕೇ ಬೇಕು ಎಂದು ಕಂಪನಿಯೇ ಹೇಳಬೇಕಾಯಿತು. ವಾಕಿಟಾಕಿ ಎಂಬ ಹೆಸರೇ ಈ ಭ್ರಮೆಯನ್ನು ಹುಟ್ಟಿಸುತ್ತದೆ. ನಿಜವಾದ ವಾಕಿಟಾಕಿಯಲ್ಲಿ ರೇಡಿಯೊ ಅಲೆ ಒಂದು ಕೈಯಿಂದ ಇನ್ನೊಂದು ಕೈಗೆ ನೇರ ಹೋಗುತ್ತದೆ. ಆ್ಯಪಿನಲ್ಲಿ ಮಾತು ಹತ್ತಿರದ ಟವರಿಗೆ ಹೋಗಿ, ಅಲ್ಲಿಂದ ಎಲ್ಲೋ ದೂರದ ಸರ್ವರಿಗೆ ಹೋಗಿ, ಮತ್ತೆ ಟವರಿಗೆ ಬಂದು, ಇಪ್ಪತ್ತು ಅಡಿ ಆಚೆ ನಿಂತವನ ಜೇಬಿಗೆ ಇಳಿಯುತ್ತದೆ. ಆ್ಯಪ್ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದೆಲ್ಲ ಈ ಸುತ್ತುದಾರಿಯಿಂದಲೇ ತೀರ್ಮಾನವಾಗುತ್ತದೆ.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆ ಇದಕ್ಕೆ ಒಳ್ಳೆಯ ಪರೀಕ್ಷಾ ಕಣ. ಫಾಲ್ಗುಣದಲ್ಲಿ, ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ, ತೇರು ಎಳೆಯುವ ದಿನ ಊರಿಗೆ ಲಕ್ಷಾಂತರ ಜನ ಬರುತ್ತಾರೆ. ಒಳಮಠ, ಹೊರಮಠಗಳ ದರ್ಶನದ ಸಾಲು, ಕೊಬ್ಬರಿ ಸುಡುವವರ ಗುಂಪು, ಮುಕ್ತಿ ಬಾವುಟದ ಹರಾಜು ನೋಡಲು ನಿಂತವರು, ಬಿಸಿಲು, ದೂಳು. ಇಂಥ ಕಡೆ ಒಂಬತ್ತು ಜನರ ಒಂದು ತಂಡ ವಾಹನ ನಿಲುಗಡೆಯನ್ನೂ ದಾಸೋಹವನ್ನೂ ನೋಡಿಕೊಳ್ಳಬೇಕು ಎಂದುಕೊಳ್ಳೋಣ. ಚಳ್ಳಕೆರೆ ರಸ್ತೆಯಲ್ಲಿ ಇಬ್ಬರು, ಜಗಳೂರು ರಸ್ತೆಯಲ್ಲಿ ಇಬ್ಬರು, ಅಡುಗೆ ಕೊಟ್ಟಿಗೆಯಲ್ಲಿ ಇಬ್ಬರು, ಬಡಿಸುವ ಪೆಂಡಾಲಿನಲ್ಲಿ ಇಬ್ಬರು, ಎಲ್ಲರ ನಡುವೆ ಓಡಾಡುವ ಮೇಸ್ತ್ರಿ ಒಬ್ಬ.

ಮೊದಲ ಕೆಲಸ ಚಾನೆಲ್ ಮಾಡುವುದು. ಪ್ರತಿಯೊಬ್ಬರೂ ಆ್ಯಪ್ ಹಾಕಿಕೊಂಡು ಒಂದೊಂದು ಬಳಕೆದಾರ ಹೆಸರು ಮಾಡಿಕೊಳ್ಳುತ್ತಾರೆ, ಮೇಸ್ತ್ರಿ ಚಾನೆಲ್ ತೆರೆದು ಪಾಸ್‌ವರ್ಡ್ ಇಟ್ಟು ಉಳಿದವರನ್ನು ಸೇರಿಸಿಕೊಳ್ಳುತ್ತಾನೆ. ಪಾಸ್‌ವರ್ಡ್ ಇಲ್ಲದ ಚಾನೆಲಿಗೆ ಹೆಸರು ಗೊತ್ತಿದ್ದ ಯಾರು ಬೇಕಾದರೂ ನುಗ್ಗಬಹುದು. ಜಾತ್ರೆಯ ನಡುವೆ ಯಾರೋ ಹುಡುಗರು ಸಿನಿಮಾ ಹಾಡು ಹಾಕಿದರೆ ಒಂಬತ್ತು ಜೇಬಿನಲ್ಲೂ ಅದೇ ಮೊಳಗುತ್ತದೆ. ಒಂಬತ್ತು ಜನಕ್ಕೆ ಒಂದೇ ಚಾನೆಲ್ ಸಾಕು ಅನ್ನಿಸುವುದು ಸಹಜ. ಆದರೆ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದಾದ್ದರಿಂದ ಅನ್ನ ಸಾಲದು ಎಂಬ ಮಾತೂ ಬಸ್ಸು ಸಿಕ್ಕಿಕೊಂಡಿದೆ ಎಂಬ ಮಾತೂ ಒಂದೇ ಬಾಗಿಲಲ್ಲಿ ತಳ್ಳಾಡುತ್ತವೆ. ಆದ್ದರಿಂದ ನಿಲುಗಡೆಗೆ ಒಂದು, ದಾಸೋಹಕ್ಕೆ ಒಂದು ಚಾನೆಲ್ ಇಟ್ಟು, ಮೇಸ್ತ್ರಿಯೊಬ್ಬನೇ ಎರಡರಲ್ಲೂ ಇರುವುದು ಮೇಲು. ಮೂರನೆಯದು ಬೇಡ. ಚಾನೆಲ್ ಹೆಚ್ಚಾದಷ್ಟೂ ತಪ್ಪು ಚಾನೆಲಿನಲ್ಲಿ ಮಾತಾಡುವವರು ಹೆಚ್ಚಾಗುತ್ತಾರೆ.

ಎರಡನೆಯ ಕೆಲಸ ಫೋನಿನ ಸೆಟ್ಟಿಂಗು. ಬಹುಪಾಲು ತಂಡಗಳು ಇಲ್ಲಿಯೇ ಎಡವುತ್ತವೆ. ಬ್ಯಾಟರಿ ಉಳಿಸಲೆಂದು ಆಂಡ್ರಾಯ್ಡ್ ಫೋನುಗಳು, ಅದರಲ್ಲೂ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಶಿಯೋಮಿ, ವಿವೊ, ಒಪ್ಪೊ, ರಿಯಲ್‌ಮಿ ಫೋನುಗಳು, ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಿನ್ನೆಲೆಯಲ್ಲಿರುವ ಆ್ಯಪನ್ನು ಮಲಗಿಸಿಬಿಡುತ್ತವೆ. ಇದರ ಲಕ್ಷಣ ಸ್ಪಷ್ಟ: ಅರ್ಧ ಗಂಟೆ ಸದ್ದೇ ಇರುವುದಿಲ್ಲ, ಯಾವುದಕ್ಕೋ ಫೋನ್ ತೆಗೆದು ಲಾಕ್ ಬಿಡಿಸಿದ ಕೂಡಲೇ ನಾಲ್ಕೈದು ಮಾತು ಒಂದರ ಹಿಂದೆ ಒಂದು ಉದುರುತ್ತವೆ. ತಂಡದವರು ಆಗ ನೆಟ್‌ವರ್ಕಿಗೆ ಶಾಪ ಹಾಕುತ್ತಾರೆ, ತಪ್ಪು ಫೋನಿನದು. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಪುಟಕ್ಕೆ ಹೋಗಿ ಬ್ಯಾಟರಿ ವಿಭಾಗದಲ್ಲಿ Unrestricted ಅಥವಾ No restrictions ಎಂದು ಆರಿಸಬೇಕು, Autostart ಎಂಬ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಬೇಕು. ಮಾಡಿದ ಮೇಲೆ ಪರೀಕ್ಷೆ ಹೀಗೆ: ಒಂಬತ್ತೂ ಫೋನುಗಳ ಪರದೆ ಆರಿಸಿ ಒಂದು ಚಾಪೆಯ ಮೇಲಿಟ್ಟು, ಎಲ್ಲರೂ ಊಟ ಮುಗಿಸಿ ಬಂದು, ಮುಕ್ಕಾಲು ಗಂಟೆಯ ಮೇಲೆ ಹತ್ತನೆಯ ಫೋನಿನಿಂದ ಒಂದು ಮಾತು ಹೇಳಿ ನೋಡುವುದು. ಯಾವುದು ಬಾಯಿ ಬಿಡುವುದಿಲ್ಲವೋ ಅದರ ಸೆಟ್ಟಿಂಗು ಇನ್ನೂ ಸರಿಯಾಗಿಲ್ಲ. ಕೂಡಲೇ ಪರೀಕ್ಷಿಸಿದರೆ ಎಲ್ಲವೂ ಪಾಸಾಗುತ್ತವೆ, ಅದಕ್ಕೆ ಅರ್ಥವಿಲ್ಲ.

ಗುಂಡಿಯ ಬಗ್ಗೆಯೂ ಒಂದು ಮಾತು. ಬಿಸಿಲಲ್ಲಿ, ಬೆವರಿದ ಬೆರಳಲ್ಲಿ ಪರದೆಯ ಗುಂಡಿ ಹಿಡಿದಿಟ್ಟುಕೊಳ್ಳುವುದು ಕಷ್ಟ. ಜೆಲ್ಲೊದಂಥ ಆ್ಯಪ್‌ಗಳಲ್ಲಿ ಫೋನಿನ ಪಕ್ಕದ ಕೀಲಿಯನ್ನೋ ಬ್ಲೂಟೂತ್ ಗುಂಡಿಯನ್ನೋ ಮಾತಿನ ಗುಂಡಿಯಾಗಿ ಹೊಂದಿಸಿಕೊಳ್ಳಬಹುದು. ಮೈಕು, ತಮಟೆಗಳ ನಡುವೆ ನಿಲ್ಲುವವರಿಗೆ ತಂತಿಯ ಇಯರ್‌ಫೋನ್ ಒಂದು ಕಿವಿಗೆ ಬೇಕೇ ಬೇಕು, ಇನ್ನೊಂದು ಕಿವಿ ಹಿಂದಿನಿಂದ ಬರುವ ಗಾಡಿಗೆ.

ಮೂರನೆಯದು ಮಾತಾಡುವ ರೀತಿ. ಸುತ್ತುದಾರಿಯಿಂದಾಗಿ ಒಳ್ಳೆಯ 4ಜಿ ಇದ್ದರೂ ಮಾತು ಅರ್ಧದಿಂದ ಒಂದು ಸೆಕೆಂಡು ತಡವಾಗಿ ಮುಟ್ಟುತ್ತದೆ. ಗುಂಡಿ ಒತ್ತಿದ ಕೂಡಲೇ ಬಾಯಿ ತೆರೆದರೆ ದಾರಿ ತೆರೆದುಕೊಳ್ಳುವ ಮೊದಲೇ ಮೊದಲ ಅಕ್ಷರಗಳು ಹೋಗಿಬಿಡಬಹುದು. ಒತ್ತಿ, ಟಕ್ ಎಂಬ ಸೂಚನೆಯ ಸದ್ದು ಕೇಳಿ, ಆಮೇಲೆ ಮಾತಾಡಬೇಕು ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಕನ್ನಡಕ್ಕೆ ಇನ್ನೊಂದು ಅಪಾಯವಿದೆ, ಅದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಕನ್ನಡದಲ್ಲಿ ‘ಬೇಡ’ ಎಂಬುದು ವಾಕ್ಯದ ಕೊನೆಗೆ ಬರುತ್ತದೆ. ‘ಜಗಳೂರು ಕಡೆ ಬಸ್ಸು ಬಿಡಬೇಡ’ ಎನ್ನುವವನು ಅವಸರದಲ್ಲಿ ಬೆರಳನ್ನು ಒಂದು ಕ್ಷಣ ಮೊದಲೇ ತೆಗೆದರೆ ಆಚೆಯವನಿಗೆ ಕೇಳುವುದು ‘ಜಗಳೂರು ಕಡೆ ಬಸ್ಸು ಬಿಡ’. ಅವನು ಅದನ್ನು ‘ಬಿಡು’ ಎಂದೇ ತಿಳಿಯುತ್ತಾನೆ. ಇಂಗ್ಲಿಷಿನಲ್ಲಿ ನಿಷೇಧ ಕ್ರಿಯಾಪದಕ್ಕೆ ಮೊದಲೇ ಬರುವುದರಿಂದ ಅವರಿಗೆ ಬಾಲ ಕತ್ತರಿಸಿದರೂ ಅರ್ಥ ಉಳಿಯುತ್ತದೆ. ನಮ್ಮಲ್ಲಿ ಬಾಲದಲ್ಲೇ ಅರ್ಥ. ಆದ್ದರಿಂದ ತಂಡದೊಳಗೆ ‘ಬೇಡ’ವನ್ನೇ ಕೈಬಿಟ್ಟು, ತಡೆಯಬೇಕಾದಾಗ ‘ನಿಲ್ಲಿಸು’, ಹೋಗಗೊಡಬೇಕಾದಾಗ ‘ಬಿಡು’ ಎಂಬ ಎರಡೇ ಪದ ಇಟ್ಟುಕೊಳ್ಳುವುದು ಕ್ಷೇಮ. ಕರೆಯುವಾಗ ಮೊದಲು ಜಾಗದ ಹೆಸರು, ಆಮೇಲೆ ಆಜ್ಞೆ, ಕೊನೆಗೆ ಇನ್ನೊಮ್ಮೆ ಆಜ್ಞೆ: ‘ಜಗಳೂರು ರಸ್ತೆ, ಬಸ್ಸು ನಿಲ್ಲಿಸು, ನಿಲ್ಲಿಸು’. ಕೇಳಿದವನು ‘ಸರಿ’ ಎಂದಷ್ಟೇ ಅನ್ನದೆ ಆಜ್ಞೆಯನ್ನೇ ತಿರುಗಿ ಹೇಳಬೇಕು: ‘ಜಗಳೂರು ರಸ್ತೆ, ನಿಲ್ಲಿಸಿದೆ’. ಇದು ಮೊದಲ ಅರ್ಧ ಗಂಟೆ ನಗು ತರಿಸುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಡೇಟಾ ಖರ್ಚಿನ ಬಗ್ಗೆ ಜನ ಸುಮ್ಮನೆ ಹೆದರುತ್ತಾರೆ. ಮಾತನ್ನು ಹಿಂಡಿ ಸೆಕೆಂಡಿಗೆ 16 ಕಿಲೋಬಿಟ್‌ನಂತೆ ಕಳಿಸಿದರೆ ನಿಮಿಷಕ್ಕೆ ಸುಮಾರು 120 ಕಿಲೋಬೈಟ್ ಆಗುತ್ತದೆ. ಚಾನೆಲಿನಲ್ಲಿ ಇಡೀ ದಿನ ಸೇರಿ ಒಂದು ಗಂಟೆ ಮಾತು ನಡೆದರೂ ಒಂದು ಫೋನಿಗೆ 7 ಮೆಗಾಬೈಟ್ ಚಿಲ್ಲರೆ. ದಿನಕ್ಕೆ ಒಂದೂವರೆ ಜಿಬಿ ಇರುವ ಪ್ಯಾಕಿಗೆ ಇದು ಲೆಕ್ಕಕ್ಕೇ ಇಲ್ಲ. ತೊಂದರೆ ಡೇಟಾದ ಮೊತ್ತದಲ್ಲಿ ಇಲ್ಲ, ಅದು ಸಾಗುವ ಸಾಲಿನಲ್ಲಿದೆ.

ತೇರಿನ ದಿನ ಮಧ್ಯಾಹ್ನದ ಹೊತ್ತಿಗೆ ಆಗುವುದು ಇದು. ಊರಿನ ಕೆಲವೇ ಟವರುಗಳ ಕೆಳಗೆ ಲಕ್ಷ ಫೋನು. ಅರ್ಧ ಜನ ತೇರಿನ ವಿಡಿಯೊ ಕಳಿಸುತ್ತಿರುತ್ತಾರೆ. ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಇರುತ್ತವೆ, 4ಜಿ ಎಂದೂ ತೋರಿಸುತ್ತದೆ, ಆದರೆ ಮಾತು ಹೋಗುವುದಿಲ್ಲ. ಕಡ್ಡಿಗಳು ಹೇಳುವುದು ಟವರಿನ ಅಲೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ, ಅದರ ಮುಂದೆ ಎಷ್ಟು ಜನ ನಿಂತಿದ್ದಾರೆ ಎಂಬುದನ್ನಲ್ಲ. ಇಂಥ ಹೊತ್ತಿನಲ್ಲಿ ಆ್ಯಪ್ ಪದೇಪದೇ ಸಂಪರ್ಕ ಹುಡುಕುತ್ತಿರುವುದನ್ನು ತೋರಿಸುತ್ತದೆ, ಇಲ್ಲವೇ ಬಂದ ಮಾತು ತುಂಡುತುಂಡಾಗಿ ಕೇಳುತ್ತದೆ. ಆಗಲೂ ಮಾಮೂಲಿ ಫೋನ್ ಕರೆ ಕೆಲವೊಮ್ಮೆ ಹೋಗುತ್ತದೆ, ಅದಕ್ಕೆ ಕಾರಣವಿದೆ. 4ಜಿ ಜಾಲದಲ್ಲಿ ಕಂಪನಿಯದೇ ಧ್ವನಿ ಕರೆಗೆ, ಅಂದರೆ ವೋಲ್ಟಿಗೆ, ಪ್ರತ್ಯೇಕ ಆದ್ಯತೆಯ ಸಾಲಿದೆ. ಪುಶ್-ಟು-ಟಾಕ್ ಆ್ಯಪಿನ ಮಾತು ಮಾತೇ ಆದರೂ ಟವರಿನ ಕಣ್ಣಿಗೆ ಅದು ಬರೀ ಇಂಟರ್‌ನೆಟ್ ಸರಕು, ತೇರಿನ ವಿಡಿಯೊಗಳ ಜೊತೆಯೇ ನಿಲ್ಲಬೇಕು. ಮಠದ ಬಾಗಿಲಲ್ಲಿ ವಿಶೇಷ ದರ್ಶನದ ಸಾಲು ಬೇರೆ, ಧರ್ಮದರ್ಶನದ ಸಾಲು ಬೇರೆ ಇದ್ದಂತೆ. ಪೊಲೀಸ್, ಅಗ್ನಿಶಾಮಕದಂಥ ಸೇವೆಗಳ ಪುಶ್-ಟು-ಟಾಕ್‌ಗೆ ಆದ್ಯತೆ ಕೊಡುವ ಮಾನದಂಡ 2016ರಿಂದ ಇದೆ, ಆದರೆ ಅದನ್ನು ಜಾಲದ ಒಳಗೇ ಕಂಪನಿ ಕೂರಿಸಬೇಕು. ಪ್ಲೇಸ್ಟೋರಿನಿಂದ ಇಳಿಸಿದ ಆ್ಯಪಿಗೆ ಆ ಭಾಗ್ಯವಿಲ್ಲ.

ಹಿಂದಿನ ದಿನ ಊರಲ್ಲಿ ಓಡಾಡಿ ಪರೀಕ್ಷಿಸಿದರೆ ಈ ತೊಂದರೆ ಕಾಣುವುದೇ ಇಲ್ಲ, ಏಕೆಂದರೆ ಜನವೇ ಬಂದಿರುವುದಿಲ್ಲ. ದೊಡ್ಡ ಜಾತ್ರೆಗಳಿಗೆ ಕಂಪನಿಗಳು ಗಾಡಿಯ ಮೇಲಿನ ತಾತ್ಕಾಲಿಕ ಟವರು ತಂದು ನಿಲ್ಲಿಸುವುದುಂಟು, ಅದನ್ನೇ ನಂಬಿ ಕೂರುವಂತಿಲ್ಲ. ತಂಡ ಮಾಡಬಹುದಾದ ಮೊದಲ ಉಪಾಯ, ಪ್ರತಿ ಜಾಗದ ಇಬ್ಬರಲ್ಲಿ ಬೇರೆಬೇರೆ ಕಂಪನಿಯ ಸಿಮ್ ಇರುವಂತೆ ಜೋಡಿ ಮಾಡುವುದು. ಒಂದು ಕಂಪನಿಯ ಟವರು ಕಟ್ಟಿಕೊಂಡರೂ ಇನ್ನೊಂದರದು ಸ್ವಲ್ಪ ಹೊತ್ತು ಉಸಿರಾಡುತ್ತಿರಬಹುದು.

ಎರಡನೆಯ ಉಪಾಯಕ್ಕೆ ಶ್ರಮ ಹೆಚ್ಚು, ಫಲವೂ ಹೆಚ್ಚು. ಮಾತು ಊರು ಬಿಟ್ಟು ಹೋಗದಂತೆ ಸರ್ವರನ್ನೇ ಪೆಂಡಾಲಿಗೆ ತರುವುದು. ಮಂಬಲ್ ಎಂಬ ಉಚಿತ, ಮುಕ್ತ ತಂತ್ರಾಂಶದ ಸರ್ವರನ್ನು ಒಂದು ಹಳೆಯ ಲ್ಯಾಪ್‌ಟಾಪಿಗೆ ಹಾಕಿ, ಅದನ್ನು ಒಂದು ವೈಫೈ ರೂಟರಿಗೆ ಜೋಡಿಸಬೇಕು. ಇಂಟರ್‌ನೆಟ್ ಬೇಕಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಮಮ್ಲಾ ಎಂಬ ಆ್ಯಪ್ ಹಾಕಿ, ಅದರಲ್ಲಿ ಲ್ಯಾಪ್‌ಟಾಪಿನ ಸ್ಥಳೀಯ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ಕೊಡಬೇಕು. ಉದಾಹರಣೆಗೆ:

```
Address: 192.168.1.10
Port: 64738
```

ಮೊದಲ ಸಲ ಸೇರುವಾಗ ಪ್ರಮಾಣಪತ್ರದ ಬಗ್ಗೆ ಎಚ್ಚರಿಕೆ ಬರುತ್ತದೆ. ಸರ್ವರು ತಮ್ಮದೇ ಆದ್ದರಿಂದ ಒಪ್ಪಿಕೊಳ್ಳಬಹುದು. ಆ್ಯಪಿನ ಸೆಟ್ಟಿಂಗಿನಲ್ಲಿ ಪುಶ್-ಟು-ಟಾಕ್ ಆಯ್ಕೆ ಮಾಡದಿದ್ದರೆ ಮೈಕು ತಾನೇ ತೆರೆದುಕೊಂಡು ಅಡುಗೆಯವರ ಹರಟೆಯೆಲ್ಲ ಪ್ರಸಾರವಾದೀತು. ಇಲ್ಲಿ ಜನರನ್ನು ಗೋಳಾಡಿಸುವುದು ಒಂದೇ: ಈ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ ಎಂದು ಕಂಡ ಫೋನು ಜಾಣತನ ತೋರಿಸಿ ಮೊಬೈಲ್ ಡೇಟಾಗೆ ಜಿಗಿಯುತ್ತದೆ, ಸರ್ವರು ಕಣ್ಮರೆಯಾಗುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೂ ಸೇರಿಕೊಂಡೇ ಇರು ಎಂದು ಫೋನಿಗೆ ಹೇಳಬೇಕು, ಇಲ್ಲವೇ ಮೊಬೈಲ್ ಡೇಟಾವನ್ನೇ ಆಫ್ ಮಾಡಿಡಬೇಕು. ಸಾಧಾರಣ ರೂಟರಿನ ವ್ಯಾಪ್ತಿ ಬಯಲಿನಲ್ಲಿ ಐವತ್ತರಿಂದ ನೂರು ಮೀಟರು, ಜನ ಒತ್ತೊತ್ತಾಗಿ ನಿಂತರೆ ಅದೂ ಕುಗ್ಗುತ್ತದೆ, ಏಕೆಂದರೆ ಮನುಷ್ಯನ ಮೈ ಬಹುಪಾಲು ನೀರು, ಅದು ಅಲೆಯನ್ನು ಹೀರುತ್ತದೆ. ರೂಟರನ್ನು ಕಂಬದ ಮೇಲೆ, ತಲೆಗಳಿಗಿಂತ ಎತ್ತರದಲ್ಲಿ ಕಟ್ಟಬೇಕು. ಆದರೂ ಇದು ದಾಸೋಹದ ನಾಲ್ವರಿಗೆ ಸಾಕಾದೀತೇ ಹೊರತು ಜಗಳೂರು ರಸ್ತೆಗೆ ಮುಟ್ಟುವುದಿಲ್ಲ.

ರಸ್ತೆಯವರಿಗೆ ನಿಜವಾದ ವಾಕಿಟಾಕಿಯೇ ಮೇಲು, ಆದರೆ ಅದಕ್ಕೆ ಕಾನೂನಿದೆ. 2018ರ ನಿಯಮಗಳ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ, ಕಡಿಮೆ ಶಕ್ತಿಯ, ಅನುಮೋದನೆ ಪಡೆದ ಸೆಟ್ಟುಗಳಿಗೆ ಮಾತ್ರ ಪರವಾನಗಿ ಬೇಡ. ಬೇರೆ ತರಂಗಾಂತರದವಕ್ಕೆ ಬೇಕು. ಆನ್‌ಲೈನ್ ಅಂಗಡಿಗಳಲ್ಲಿ ತರಂಗಾಂತರವನ್ನೇ ಹೇಳದೆ ಮಾರುತ್ತಿದ್ದ ಸೆಟ್ಟುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ನೋಟಿಸು ಕೊಟ್ಟಿತು. ಡಬ್ಬಿಯ ಮೇಲೆ ತರಂಗಾಂತರ ಬರೆದಿಲ್ಲದ ಅಗ್ಗದ ಜೋಡಿಯನ್ನು ಕೊಳ್ಳದಿರುವುದು ಒಳ್ಳೆಯದು. ಫೋನಿನ ಆ್ಯಪಿಗೆ ಈ ತಾಪತ್ರಯವಿಲ್ಲ, ಅದು ಮೊಬೈಲ್ ಕಂಪನಿಯ ತರಂಗಾಂತರದಲ್ಲೇ ಸಾಗುತ್ತದೆ.

ಹೊಲದಲ್ಲಿ ಕಥೆ ತಿರುವು ಮುರುವು. ಅಲ್ಲಿ ಟವರಿನ ಮುಂದೆ ಜನವಿಲ್ಲ, ಟವರೇ ದೂರ. ರಾಜ್ಯದ ಅತಿ ಕಡಿಮೆ ಮಳೆಯ ಸೀಮೆಗಳಲ್ಲಿ ಒಂದಾದ ಚಳ್ಳಕೆರೆ, ಮೊಳಕಾಲ್ಮೂರು ಭಾಗದಲ್ಲಿ ಕೊಳವೆಬಾವಿ ಒಂದು ಕಡೆ, ಹನಿ ನೀರಾವರಿಯ ತೋಟ ಇನ್ನೊಂದು ಕಡೆ ಇರುವುದು ಸಾಮಾನ್ಯ. ತ್ರೀಫೇಸ್ ಕರೆಂಟು ಬಂದಾಗ ಒಬ್ಬ ಸ್ಟಾರ್ಟರ್ ಪೆಟ್ಟಿಗೆಯ ಬಳಿ, ಇನ್ನೊಬ್ಬ ಗೇಟ್‌ವಾಲ್ವಿನ ಬಳಿ ನಿಂತು ‘ಹಾಕು’, ‘ಆರಿಸು’ ಎನ್ನುವ ಕೆಲಸಕ್ಕೆ ಈ ಆ್ಯಪ್ ಹೇಳಿ ಮಾಡಿಸಿದಂತಿದೆ. ಒಂದು ಸೆಕೆಂಡು ತಡವಾದರೆ ಕಡಲೆಕಾಯಿ ಬೆಳೆಗೆ ಏನೂ ಆಗುವುದಿಲ್ಲ. ಇಲ್ಲಿ ಅಡ್ಡ ಬರುವುದು ಬಂಡೆ. ಮೊಳಕಾಲ್ಮೂರಿನ ಸುತ್ತಲಿನ ಕಲ್ಲುಗುಡ್ಡಗಳು, ಜಟಿಂಗರಾಮೇಶ್ವರ ಬೆಟ್ಟದ ಸಾಲಿನಂಥವು, ಟವರಿನ ಅಲೆಗೆ ನೆರಳು ಹಿಡಿಯುತ್ತವೆ. ಗುಡ್ಡದ ಈ ಬದಿಯ ಹೊಲದಲ್ಲಿ ಸ್ಪಷ್ಟವಾಗಿ ಕೇಳಿದ್ದು ನೂರು ಹೆಜ್ಜೆ ಆಚೆ ಸತ್ತುಹೋಗುತ್ತದೆ. ಒಬ್ಬ ಒಂದೇ ಕಡೆ ಕೂತು, ಇನ್ನೊಬ್ಬ ಹೊಲದ ಬದುವಿನ ಮೇಲೆ ಸುತ್ತು ಹಾಕುತ್ತ ಇಪ್ಪತ್ತು ಹೆಜ್ಜೆಗೊಮ್ಮೆ ಅಂಕಿ ಹೇಳಿದರೆ, ಯಾವ ಅಂಕಿ ಕೇಳಲಿಲ್ಲ ಎಂಬುದರಿಂದ ನೆರಳಿನ ಜಾಗ ಗೊತ್ತಾಗುತ್ತದೆ. ಅಂಥ ಜಾಗ ಸಾಮಾನ್ಯವಾಗಿ ಬದಲಾಗುವುದಿಲ್ಲ, ಒಂದು ಕಲ್ಲು ನೆಟ್ಟು ಗುರುತು ಮಾಡಿದರೆ ಸಾಕು.

ಗಡಿಯ ಹೊಲಗಳಲ್ಲಿ ಇನ್ನೊಂದು ವಿಚಿತ್ರ ನಡೆಯಬಹುದು. ರಾಯದುರ್ಗದ ಕಡೆಯ ಊರುಗಳಲ್ಲಿ ಫೋನು ಕರ್ನಾಟಕದ ಟವರು ಬಿಟ್ಟು ಆಂಧ್ರದ ಟವರನ್ನು ಹಿಡಿದರೆ ಪರದೆಯ ಮೇಲ್ತುದಿಯಲ್ಲಿ R ಅಕ್ಷರ ಕಾಣುತ್ತದೆ. ಕರೆ ಹೋಗುತ್ತದೆ, ಆ್ಯಪ್ ಮಾತ್ರ ಮೂಕ. ಕೆಲವು ಸಿಮ್‌ಗಳಲ್ಲಿ Data roaming ಆನ್ ಇಲ್ಲದಿದ್ದರೆ ಹೀಗಾಗುತ್ತದೆ. ದೇಶದೊಳಗೆ ಅದನ್ನು ಆನ್ ಮಾಡಿದರೆ ಬೇರೆ ದುಡ್ಡು ಹಿಡಿಯುತ್ತಾರೆ ಎಂಬ ಹಳೆಯ ಭಯದಿಂದ ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ.

ಕಟ್ಟಡದ ಕೆಲಸದಲ್ಲಿ ಆ್ಯಪಿಗೆ ಒಂದು ಗೆರೆ ಎಳೆಯಬೇಕಾಗುತ್ತದೆ. ಮೋಲ್ಡ್ ಹಾಕುವ ದಿನ ಕೆಳಗಿನ ಮಿಕ್ಸರಿನವನಿಗೂ ಮೇಲಿನ ಗಾರೆ ಮೇಸ್ತ್ರಿಗೂ ನಡುವೆ ‘ಇನ್ನು ನಾಲ್ಕು ಮಿಕ್ಸ್ ಸಾಕು’, ‘ಜಲ್ಲಿ ಕಡಿಮೆ ಮಾಡು’ ಎಂಬ ಮಾತಿಗೆ ಇದು ಕೂಗಾಟಕ್ಕಿಂತ ಎಷ್ಟೋ ವಾಸಿ. ಮಿಕ್ಸರಿನ ಸದ್ದಿನಲ್ಲಿ ಕೇಳದೆ ಹೋದದ್ದನ್ನು ಆ್ಯಪಿನ ಇತಿಹಾಸದಲ್ಲಿ ಮತ್ತೊಮ್ಮೆ ಒತ್ತಿ ಕೇಳಬಹುದು, ನಿಜವಾದ ವಾಕಿಟಾಕಿಗೆ ಈ ಅನುಕೂಲ ಸಾಮಾನ್ಯವಾಗಿ ಇಲ್ಲ. ಆದರೆ ಕಾಂಕ್ರೀಟು ಏರಿಸುವ ಲಿಫ್ಟಿಗೆ ‘ನಿಲ್ಲಿಸು’ ಎಂದು ಹೇಳುವ ಕೆಲಸವನ್ನು ಇದಕ್ಕೆ ಒಪ್ಪಿಸಬಾರದು. ಸೆಕೆಂಡಿಗೆ ಅರ್ಧ ಮೀಟರು ಏರುವ ಬಕೆಟ್ಟು ಒಂದು ಸೆಕೆಂಡಿನ ತಡಕ್ಕೆ ಒಂದೂವರೆ ಅಡಿಗೂ ಹೆಚ್ಚು ಮೇಲೆ ಹೋಗಿರುತ್ತದೆ, ಅಷ್ಟರಲ್ಲಿ ಅಂಚಿನ ಮೇಲಿಟ್ಟ ಕೈ ಸಿಕ್ಕಿಕೊಂಡಿರುತ್ತದೆ. ತಡ ಯಾವಾಗಲೂ ಒಂದೇ ಅಳತೆಯದಾಗಿದ್ದರೆ ಆಪರೇಟರು ಅದನ್ನು ಅಂದಾಜು ಮಾಡಿಕೊಳ್ಳಬಹುದಿತ್ತು. ಅದು ಒಮ್ಮೆ ಅರ್ಧ ಸೆಕೆಂಡು, ಇನ್ನೊಮ್ಮೆ ಮೂರು ಸೆಕೆಂಡು, ಮತ್ತೊಮ್ಮೆ ಮಾತೇ ಬಾರದು. ಲಿಫ್ಟಿನ ಪಕ್ಕ ಕಟ್ಟಿದ ಗಂಟೆಯ ಹಗ್ಗವೂ, ಆಪರೇಟರಿಗೆ ಕಾಣುವಂತೆ ನಿಂತು ಕೈ ತೋರಿಸುವವನೂ ಅಲ್ಲಿಯೇ ಇರಬೇಕು.